ಹೆಸರಿಲ್ಲದ ನಕ್ಷತ್ರ ಹೇಳಿದ ವಿಳಾಸ

ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಹಳೆಯ ರವಿಕೆ ಬಟ್ಟೆಯ ತುಂಡಿನಲ್ಲಿ ಸುತ್ತಿ, ಆ ಪದಕವನ್ನು ನಮ್ಮ ಪುಟ್ಟ ವಸ್ತುಸಂಗ್ರಹಾಲಯಕ್ಕೆ ತಂದುಕೊಟ್ಟರು. ಐದು ಮೂಲೆಯ ನಕ್ಷತ್ರ. ಮೈಗೆ ಅರಗಿನಂಥ ಕೆಂಪು ಲೇಪ, ಅಂಚಿಗೆ ಬೆಳ್ಳಿಯ ಬಣ್ಣದ ಗೆರೆ. ನಡುವೆ ಬಿದಿಗೆ ಚಂದ್ರ, ಅದರ ಮಡಿಲಲ್ಲಿ ಬಳ್ಳಿ ಸುತ್ತಿಕೊಂಡಂತೆ ಕಾಣುವ ಬರಹ. ಹಿಂದೆ ಅಂಗಿಗೆ ಚುಚ್ಚಿಕೊಳ್ಳುವ ಪಿನ್ನು. ಹೆಸರಿಲ್ಲ, ದೇಶವಿಲ್ಲ, ತಯಾರಿಸಿದವರ ಮುದ್ರೆಯೂ ಇಲ್ಲ.

ತಂದವರು ಎಪ್ಪತ್ತು ದಾಟಿದ ಹಿರಿಯರು. ಅವರ ತಾತ ಮೈಸೂರು ಲಾನ್ಸರ್ಸ್ ಕುದುರೆ ದಳದಲ್ಲಿ ಸವಾರರಾಗಿದ್ದರಂತೆ. “ಮಹಾರಾಜರು ಮೆಚ್ಚಿ ಕೊಟ್ಟದ್ದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು” ಎಂದರು. ಜೊತೆಗೆ ಬಂದಿದ್ದ ಅವರ ತಮ್ಮನದು ಬೇರೆ ಮಾತು. “ಅಕ್ಷರ ನೋಡಿದರೆ ಗೊತ್ತಾಗಲ್ವೇನಣ್ಣ? ಇದು ಟಿಪ್ಪು ಕಾಲದ್ದು.” ಇಬ್ಬರೂ ನನ್ನ ಮುಖ ನೋಡಿದರು. ನಾನು ಅಲ್ಲಿ ವಾರಕ್ಕೆರಡು ದಿನ ಹೋಗಿ ವಸ್ತುಗಳ ಪಟ್ಟಿ ಬರೆಯುವ ಸ್ವಯಂಸೇವಕರಲ್ಲೊಬ್ಬಳು. ದಾಖಲೆ ಪುಸ್ತಕದಲ್ಲಿ “ಎಲ್ಲಿಯದು, ಯಾವಾಗಿನದು” ಎಂಬ ಎರಡು ಕಾಲಂಗಳಿವೆ. ಅಂದು ಎರಡನ್ನೂ ಖಾಲಿ ಬಿಟ್ಟು ರಸೀದಿ ಕೊಟ್ಟೆ.

ಮುಂದಿನ ವಾರ ಆ ಎರಡು ಕಾಲಂಗಳಿಗಾಗಿ ಒಂದು ಪತ್ರ ಬರೆದೆ. ಮೈಸೂರಿನಲ್ಲಿ ಮೂವತ್ತು ವರ್ಷಗಳಿಂದ ಪದಕ, ನಾಣ್ಯಗಳನ್ನು ಕೂಡಿಸುತ್ತಿರುವ ನಿವೃತ್ತ ಅಧ್ಯಾಪಕರೊಬ್ಬರಿಗೆ. ಗುರುತಿಲ್ಲದ ಪದಕವೊಂದನ್ನು ಲಿಪಿ ಮತ್ತು ಲಾಂಛನದಿಂದಲೇ ಹೇಗೆ ಊರು ಮುಟ್ಟಿಸುತ್ತಾರೆ ಎಂಬುದು ಆ ಪತ್ರ ಮತ್ತು ಅದಕ್ಕೆ ಬಂದ ಉತ್ತರಗಳಿಂದ ನನಗೆ ತಿಳಿಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಪತ್ರ

ನಾನು ಮೊದಲು ಬರೆದದ್ದು ನಾಲ್ಕೇ ಸಾಲು: “ಮಹಾರಾಜರು ಕೊಟ್ಟ ಹಳೆಯ ಪದಕವೊಂದು ಬಂದಿದೆ, ಉರ್ದು ಬರಹವಿದೆ, ಚಿತ್ರ ಲಗತ್ತಿಸಿದ್ದೇನೆ, ದಯವಿಟ್ಟು ತಿಳಿಸಿ.” ಕಳಿಸುವ ಮುನ್ನ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಓದಿ, “ಮಹಾರಾಜರು ಕೊಟ್ಟದ್ದನ್ನು ನೀವು ನೋಡಿದ್ರಾ? ಉರ್ದು ಅಂತ ಯಾರು ಹೇಳಿದ್ರು?” ಎಂದು ಕೇಳಿದರು. ಎರಡೂ ನನಗೆ ಗೊತ್ತಿರಲಿಲ್ಲ. ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ಕಲಸಿ ಬರೆದರೆ ಓದುವವರು ನಮ್ಮ ತಪ್ಪಿನಿಂದಲೇ ಹುಡುಕಾಟ ಶುರುಮಾಡುತ್ತಾರೆ. ಆಮೇಲೆ ಬರೆದ ಪತ್ರ ಹೀಗಿತ್ತು:

“ಮಾನ್ಯರೇ, ನಮಸ್ಕಾರಗಳು.

ನಮ್ಮಲ್ಲಿಗೆ ಬಂದಿರುವ ಪದಕವೊಂದರ ನೆಲೆ ತಿಳಿಯಲು ತಮ್ಮ ಸಹಾಯ ಬೇಡುತ್ತಿದ್ದೇನೆ.

ಕಂಡದ್ದು: ಐದು ಮೂಲೆಯ ನಕ್ಷತ್ರ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಗಲ ಸುಮಾರು 56 ಮಿಲಿಮೀಟರ್. ಪ್ರತಿ ತುದಿಯಲ್ಲೂ ಸಣ್ಣ ಗುಂಡು. ಮುಂಭಾಗ ಉಬ್ಬಿದೆ, ಹಿಂಭಾಗ ಅಷ್ಟೇ ತಗ್ಗಿದೆ. ಕೆಂಪು ಲೇಪ ಮೂರು ಕಡೆ ಎದ್ದುಹೋಗಿದೆ. ಒಂದು ತುದಿಯನ್ನು ಮನೆಯವರು ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಅಲ್ಲಿ ಬಿಳಿ ಲೇಪ ಸವೆದು ಹಿತ್ತಾಳೆಯ ಹಳದಿ ಕಾಣುತ್ತದೆ. ನಡುವೆ ಬಾಯಿ ಮೇಲಕ್ಕೆ ತೆರೆದ ಬಿದಿಗೆ ಚಂದ್ರ. ಅದರೊಳಗೆ ಒಂದು ಗಂಟಿನಂಥ ಬರಹ: ಮೂರು ಉದ್ದ ಗೀಟುಗಳು ಒಂದು ದಿಕ್ಕಿಗೆ ನಿಂತಿವೆ, ಅವುಗಳ ಪಕ್ಕಕ್ಕೆ ಒಂದರೊಳಗೊಂದು ಎರಡು ಮೊಟ್ಟೆಯಾಕಾರದ ಸುತ್ತುಗಳಿವೆ. ಗಂಟಿನ ಕೆಳಗೆ ನಾಲ್ಕು ಅಂಕಿಗಳಂಥ ಗುರುತು. ಪಕ್ಕದಲ್ಲಿ ಚಿಕ್ಕದೊಂದು ಪದ. ಹಿಂಭಾಗದಲ್ಲಿ, ಅಂಚಿನಲ್ಲಿ, ಪಿನ್ನಿನ ಮೇಲೆ ಯಾವ ಅಕ್ಷರವೂ ಇಲ್ಲ. ರಿಬ್ಬನ್ ಇಲ್ಲ.

ಕೇಳಿದ್ದು: ತಂದವರ ತಾತ ಮೈಸೂರು ಲಾನ್ಸರ್ಸ್‌ನಲ್ಲಿದ್ದರು. ಮೊದಲ ಮಹಾಯುದ್ಧಕ್ಕೆ ಹೋಗಿ ಬಂದರು. ಪದಕವನ್ನು ಮಹಾರಾಜರು ಕೊಟ್ಟರೆಂದು ಅಜ್ಜಿ ಹೇಳುತ್ತಿದ್ದರು. ಕಾಗದಪತ್ರ ಯಾವುದೂ ಸಿಕ್ಕಿಲ್ಲ.

ಊಹಿಸಿದ್ದು: ಟಿಪ್ಪು ಕಾಲದ್ದೆಂದು ಮನೆಯವರಲ್ಲೊಬ್ಬರ ಅಭಿಪ್ರಾಯ. ನನಗೆ ಯಾವ ಅಭಿಪ್ರಾಯವೂ ಇಲ್ಲ.

ಮುಂದೆ, ಹಿಂದೆ, ಓರೆಯಿಂದ ಹೀಗೆ ಮೂರು ಚಿತ್ರಗಳನ್ನೂ, ಮೊಮ್ಮಗ ಅಂಗಿಗೆ ಚುಚ್ಚಿಕೊಂಡು ತೆಗೆದ ಒಂದು ಚಿತ್ರವನ್ನೂ ಇಟ್ಟಿದ್ದೇನೆ. ನನ್ನ ಪ್ರಶ್ನೆ ಎರಡು: ಈ ಬರಹ ಯಾರದು? ಈ ಲಾಂಛನವನ್ನು ಯಾವ ರಾಜ್ಯ, ಯಾವ ಕಾಲದಲ್ಲಿ ಹೀಗೆ ಬಳಸಿತು? ತಾವು ಹೇಳಿದ್ದನ್ನು ತಮ್ಮ ಒಪ್ಪಿಗೆಯಿದ್ದರೆ ಮಾತ್ರ ದಾಖಲೆಯಲ್ಲಿ ಬರೆದುಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ.”

ಹತ್ತು ದಿನಕ್ಕೆ ಉತ್ತರ ಬಂತು. ಮೊದಲ ವಾಕ್ಯವೇ ಪ್ರಶ್ನೆ: “ಮೊಮ್ಮಗ ತೆಗೆದದ್ದು ಸೆಲ್ಫಿಯೇ?”

ಮೇಲೆ ಯಾವುದು, ಎಡ ಯಾವುದು

ಆ ಪ್ರಶ್ನೆ ಯಾಕೆಂದು ನನಗೆ ಹೊಳೆಯಲಿಲ್ಲ. ನಾಲ್ಕು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಕಂಡಿತು. ಮೂರರಲ್ಲಿ ಮೊಟ್ಟೆಯಾಕಾರದ ಸುತ್ತುಗಳು ಎಡಕ್ಕಿದ್ದವು, ಸೆಲ್ಫಿಯಲ್ಲಿ ಮಾತ್ರ ಬಲಕ್ಕಿದ್ದವು. ಮೊಬೈಲಿನ ಮುಂಬದಿಯ ಕ್ಯಾಮೆರಾ ಕೆಲವೊಮ್ಮೆ ಕನ್ನಡಿಯಂತೆ ಎಡ-ಬಲ ತಿರುಗಿಸಿ ಚಿತ್ರ ಉಳಿಸುತ್ತದೆ. ನಮಗೆ ಗೊತ್ತಿರುವ ಲಿಪಿಯಾದರೆ ಅಕ್ಷರ ತಿರುಗಿರುವುದು ಥಟ್ಟನೆ ತಿಳಿಯುತ್ತದೆ. ಗೊತ್ತಿಲ್ಲದ ಲಿಪಿಯಲ್ಲಿ ತಿರುಗಿದ ಅಕ್ಷರವನ್ನೇ ನಿಜವೆಂದುಕೊಂಡು ವಾರಗಟ್ಟಲೆ ಹುಡುಕುತ್ತೇವೆ.

ಎರಡನೆಯ ಅಪಾಯ ತಲೆಕೆಳಗಾಗುವುದು. ಗುಂಡಗಿನ ಪದಕಕ್ಕೆ ಮೇಲೆ ಬಳೆಯಿರುತ್ತದೆ, ಅದರಿಂದ ತಲೆ ಯಾವ ಕಡೆಯೆಂದು ಗೊತ್ತಾಗುತ್ತದೆ. ಪಿನ್ನಿನ ನಕ್ಷತ್ರಕ್ಕೆ ಐದು ತುದಿಯೂ ಒಂದೇ. ಅರಬ್ಬಿ ಬರಹದಲ್ಲಿ ಏಳು ಮತ್ತು ಎಂಟರ ಅಂಕಿಗಳು ಒಂದನ್ನೊಂದು ತಲೆಕೆಳಗು ಮಾಡಿದಂತಿವೆ. ಪದಕ ತಪ್ಪಾಗಿ ಹಿಡಿದರೆ ವರ್ಷವೇ ಬದಲಾಗುತ್ತದೆ. ಅವರು ಬರೆದ ಸೂತ್ರ ಸರಳವಾಗಿತ್ತು: “ಮೂರು ಉದ್ದ ಗೀಟುಗಳು ಆಕಾಶ ನೋಡಬೇಕು, ಮೊಟ್ಟೆಗಳು ನಿಮ್ಮ ಎಡಗೈ ಕಡೆ ಇರಬೇಕು. ಹಾಗಿಟ್ಟ ಮೇಲೆ ಓದಲು ಕೂತುಕೊಳ್ಳಿ.”

ಗೀಟುಗಳು ಮತ್ತು ಮೊಟ್ಟೆಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳಲು ಕಾರಣವಿತ್ತು. ಅದು ಏನೆಂದು ಅವರಿಗೆ ಚಿತ್ರ ನೋಡಿದ ಕೂಡಲೇ ತಿಳಿದಿತ್ತು. ಆದರೆ ಹೆಸರು ಹೇಳುವ ಮೊದಲು ನನ್ನಿಂದಲೇ ಅಂಕಿ ಓದಿಸಿದರು.

ಅಂಕಿ ಕಾಲ ಹೇಳಿತು

ಅರಬ್ಬಿ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಅದರ ಅಂಕಿಗಳು ಮಾತ್ರ ನಮ್ಮಂತೆಯೇ ಎಡದಿಂದ ಬಲಕ್ಕೆ. ಒಂದು ಎಂದರೆ ನೇರವಾದ ಗೀಟು. ಎರಡು ಮತ್ತು ಮೂರು ನೋಡಲು ಅಕ್ಕತಂಗಿಯರು: ಎರಡಕ್ಕೂ ಕೆಳಗೆ ಇಳಿದ ಕಾಲಿದೆ, ತಲೆಯಲ್ಲಿ ಹಲ್ಲಿನಂಥ ತಗ್ಗಿದೆ. ಒಂದು ತಗ್ಗಿದ್ದರೆ ಎರಡು, ಎರಡು ತಗ್ಗಿದ್ದರೆ ಮೂರು. ಸವೆದ ಲೋಹದಲ್ಲಿ ಆ ತಗ್ಗುಗಳೇ ಮೊದಲು ಮಾಯವಾಗುತ್ತವೆ.

ನಮ್ಮ ನಕ್ಷತ್ರದಲ್ಲಿ ಮೊದಲ ಗುರುತು ಗೀಟು. ಉಳಿದ ಮೂರೂ ಒಂದೇ ಬಗೆಯವು. ಹಾಗಾದರೆ 1222 ಇರಬೇಕು ಇಲ್ಲವೇ 1333. ಮೇಜಿನ ದೀಪವನ್ನು ಪಕ್ಕಕ್ಕೆ ಸರಿಸಿ, ಬೆಳಕು ಅಂಕಿಗಳ ಮೇಲೆ ಓರೆಯಾಗಿ ಬೀಳುವಂತೆ ಮಾಡಿ, ಭೂತಗನ್ನಡಿಯಲ್ಲಿ ನೋಡಿದೆ. ನೇರ ಬೆಳಕಿನಲ್ಲಿ ಕಾಣದ ನೆರಳು ಓರೆ ಬೆಳಕಿನಲ್ಲಿ ಕಾಣಿಸಿತು. ಕೊನೆಯ ಅಂಕಿಯ ತಲೆಯಲ್ಲಿ ಸ್ಪಷ್ಟವಾಗಿ ಎರಡು ತಗ್ಗು. 1333.

ಇದು ಹಿಜರಿ ವರ್ಷ. ಹಿಜರಿ ಕಾಲಗಣನೆ ಚಂದ್ರನದು, ವರ್ಷಕ್ಕೆ ನಮ್ಮ ಕ್ಯಾಲೆಂಡರಿಗಿಂತ ಹತ್ತು-ಹನ್ನೊಂದು ದಿನ ಕಡಿಮೆ. ಹಾಗಾಗಿ 33 ಹಿಜರಿ ವರ್ಷ ಕಳೆಯುವಷ್ಟರಲ್ಲಿ ನಮ್ಮದು 32 ಆಗಿರುತ್ತದೆ. ಲೆಕ್ಕ ಹೀಗೆ: 1333ನ್ನು 33ರಿಂದ ಭಾಗಿಸಿದರೆ ಸುಮಾರು 40. 1333ರಲ್ಲಿ ಆ 40 ಕಳೆದರೆ 1293. ಅದಕ್ಕೆ 622 ಕೂಡಿಸಿದರೆ 1915. ಕರಾರುವಾಕ್ಕಾಗಿ ಹೇಳುವುದಾದರೆ ಹಿಜರಿ 1333 ಶುರುವಾದದ್ದು 1914ರ ನವೆಂಬರ್‌ನಲ್ಲಿ, ಮುಗಿದದ್ದು 1915ರ ನವೆಂಬರ್‌ನಲ್ಲಿ.

ಟಿಪ್ಪು ಸುಲ್ತಾನ್ ತೀರಿಕೊಂಡದ್ದು 1799ರಲ್ಲಿ, ಅಂದರೆ ಹಿಜರಿ 1213ರಲ್ಲಿ. 1222 ಎಂದು ತಪ್ಪಾಗಿ ಓದಿದರೂ ಅದು ಟಿಪ್ಪುವಿನ ನಂತರದ ವರ್ಷವೇ. ಇಲ್ಲಿ ಮೈಸೂರಿನ ಅಧ್ಯಾಪಕರು ಒಂದು ಸೂಕ್ಷ್ಮ ಹೇಳಿದರು. ಟಿಪ್ಪು ತನ್ನ ಆಳ್ವಿಕೆಯ ನಡುವೆ ಮೌಲೂದಿ ಎಂಬ ಬೇರೊಂದು ಶಕೆಯನ್ನು ತಂದ. ಆ ಶಕೆಯ ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ “ಟಿಪ್ಪುವಿನದು” ಎಂದವರಿಗೆ ಅಂಕಿಯನ್ನು ಎರಡೂ ದಿಕ್ಕಿನಿಂದ ಓದಿ ತೋರಿಸಬೇಕು. ನಮ್ಮದನ್ನು ತಿರುಗಿಸಿ ಓದಿದರೆ 3331 ಆಗುತ್ತದೆ. ಅಂಥ ವರ್ಷ ಯಾವ ಶಕೆಯಲ್ಲೂ ಟಿಪ್ಪುವಿಗೆ ಒಗ್ಗದು. ಲಾಂಛನವೂ ಒಗ್ಗದು. ಟಿಪ್ಪುವಿನ ವಸ್ತುಗಳನ್ನು ಗುರುತಿಸುವುದು ಹುಲಿಯಿಂದ, ಹುಲಿಪಟ್ಟೆಯಿಂದ. ನಕ್ಷತ್ರ ಮತ್ತು ಬಿದಿಗೆ ಚಂದ್ರದಿಂದ ಅಲ್ಲ.

ಆದರೆ ಅಂಕಿ ಕಾಲವನ್ನಷ್ಟೇ ಹೇಳಿತು. ಒಂದು ಮತ್ತು ಮೂರರ ಅಂಕಿಗಳನ್ನು ಅರಬ್ಬಿ, ಪಾರಸಿ, ಉರ್ದು, ಹಳೆಯ ತುರ್ಕಿ ಎಲ್ಲದರಲ್ಲೂ ಒಂದೇ ರೀತಿ ಬರೆಯುತ್ತಾರೆ. ನಾಲ್ಕು ಅಥವಾ ಆರು ಇದ್ದಿದ್ದರೆ ಅರಬ್ಬಿ ಕೈಯೋ ಪಾರಸಿ ಕೈಯೋ ಎಂದು ಸುಳಿವು ಸಿಗುತ್ತಿತ್ತು. ಇಲ್ಲಿ ಸಿಗಲಿಲ್ಲ. 1915ರಲ್ಲಿ ಹೈದರಾಬಾದಿನಲ್ಲೂ ಕಾಬೂಲಿನಲ್ಲೂ ಕೈರೋದಲ್ಲೂ ಹಿಜರಿ ವರ್ಷ ಬರೆಯುತ್ತಿದ್ದರು. ಊರು ತಿಳಿಯಲು ಆ ಗಂಟನ್ನು ಬಿಡಿಸಬೇಕಿತ್ತು.

ಗಂಟು ದೊರೆಯನ್ನು ಹೇಳಿತು

ಉರ್ದು ಚೆನ್ನಾಗಿ ಬಲ್ಲ ಪರಿಚಿತರೊಬ್ಬರಿಗೆ ಪದಕ ತೋರಿಸಿದ್ದೆ. ಪಕ್ಕದ ಚಿಕ್ಕ ಪದವನ್ನು “ಅಲ್ ಗಾಜಿ” ಎಂದು ಓದಿದರು. ಗಾಜಿ ಎಂದರೆ ಯುದ್ಧದಲ್ಲಿ ಗೆದ್ದವನಿಗೆ ಕೊಡುವ ಬಿರುದು. ನಡುವಿನ ದೊಡ್ಡ ಬರಹವನ್ನು ಬಹಳ ಹೊತ್ತು ನೋಡಿ, “ಅಕ್ಷರಗಳು ಪರಿಚಿತ, ಆದರೆ ಸಾಲು ಸಿಗುತ್ತಿಲ್ಲ” ಎಂದರು. ತಪ್ಪು ಅವರದಲ್ಲ. ಅದು ಸಾಲಾಗಿ ಓದಲು ಬರೆದದ್ದೇ ಅಲ್ಲ.

ಅದರ ಹೆಸರು ತುಘ್ರಾ. ಒಟ್ಟೋಮನ್ ಸುಲ್ತಾನರ ರುಜು ಅದು. ಹದಿನಾಲ್ಕನೆಯ ಶತಮಾನದ ಓರ್ಹಾನ್‌ನಿಂದ ಹಿಡಿದು ಕೊನೆಯ ಸುಲ್ತಾನನವರೆಗೆ ಪ್ರತಿಯೊಬ್ಬರಿಗೂ ತಮ್ಮದೇ ತುಘ್ರಾ ಇತ್ತು. ಪಟ್ಟಕ್ಕೆ ಬಂದ ಕೂಡಲೇ ಅದನ್ನು ರಚಿಸಿ, ಆಜ್ಞಾಪತ್ರ, ನಾಣ್ಯ, ಅಂಚೆಚೀಟಿ, ಪದಕ ಎಲ್ಲದರ ಮೇಲೂ ಹಾಕುತ್ತಿದ್ದರು. ಒಳಗಿನ ಅಕ್ಷರಗಳು ಸುಲ್ತಾನನ ಹೆಸರು, ಅವನ ತಂದೆಯ ಹೆಸರು ಮತ್ತು “ಸದಾ ವಿಜಯಿ” ಎಂಬ ಹಾರೈಕೆಯನ್ನು ಹೇಳುತ್ತವೆ. ಹೊರಗಿನ ಆಕಾರ ಮಾತ್ರ ಬದಲಾಗುವುದಿಲ್ಲ. ಕೆಳಗೆ ಹೆಸರುಗಳು ಒಂದರ ಮೇಲೊಂದು ಕೂತ ಪೀಠ, ಅದರಿಂದ ಮೇಲೆದ್ದ ಮೂರು ಕಂಬ, ಎಡಕ್ಕೆ ಎರಡು ಮೊಟ್ಟೆ, ಆ ಮೊಟ್ಟೆಗಳ ಗೆರೆಗಳೇ ಬಲಕ್ಕೆ ಚಾಚಿ ಕೈಗಳಾಗುತ್ತವೆ. ನಮ್ಮ ಬೀದಿಯ ರಂಗೋಲಿಯಲ್ಲಿ ಚುಕ್ಕಿ ಲೆಕ್ಕ ನೋಡಿಯೇ ಇದು ಇಂಥ ರಂಗೋಲಿ ಎಂದು ಹೇಳುವಂತೆ, ಅಕ್ಷರ ಓದದವರೂ ಮೂರು ಕಂಬ ಎರಡು ಮೊಟ್ಟೆ ಕಂಡರೆ ತುಘ್ರಾ ಎನ್ನಬಹುದು.

ಯಾವ ಸುಲ್ತಾನನದು ಎಂಬುದಕ್ಕೆ ಪೀಠವನ್ನು ನೋಡಬೇಕು. ಅಧ್ಯಾಪಕರು ಅಕ್ಷರ ಬಿಡಿಸುವ ಬದಲು ಹೋಲಿಕೆ ಮಾಡಿದರು. ತಮ್ಮಲ್ಲಿದ್ದ ಒಟ್ಟೋಮನ್ ನಿಕ್ಕಲ್ ನಾಣ್ಯವೊಂದರ ಚಿತ್ರ ಕಳಿಸಿ, “ಇದರ ಪೀಠವನ್ನೂ ನಿಮ್ಮದರ ಪೀಠವನ್ನೂ ಒಂದೇ ಅಳತೆಗೆ ಹಿಗ್ಗಿಸಿ ಪಕ್ಕಪಕ್ಕ ಇಡಿ” ಎಂದರು. ಗೆರೆಗೆ ಗೆರೆ ಕೂಡಿತು. ಅದು ಐದನೆಯ ಮೆಹ್ಮದ್‌ನ ನಾಣ್ಯ. 1909ರಲ್ಲಿ ಪಟ್ಟಕ್ಕೆ ಬಂದು 1918ರ ಜುಲೈನಲ್ಲಿ ತೀರಿಕೊಂಡವನು ಅವನು.

ಇಲ್ಲಿ “ಗಾಜಿ” ಪದ ಒಂದು ಬಲೆಯೂ ಹೌದು, ಸುಳಿವೂ ಹೌದು. ಅವನ ಅಣ್ಣ, ಅವನಿಗಿಂತ ಮೊದಲು ಆಳಿದ ಎರಡನೆಯ ಅಬ್ದುಲ್ ಹಮೀದ್‌ನ ತುಘ್ರಾದ ಪಕ್ಕದಲ್ಲೂ ಗಾಜಿ ಎಂಬ ಬಿರುದಿದೆ. ಇಬ್ಬರೂ ಒಬ್ಬನೇ ತಂದೆಯ ಮಕ್ಕಳಾದ್ದರಿಂದ ತಂದೆಯ ಹೆಸರೂ ಒಂದೇ. ಹಾಗಾಗಿ ಆ ಪದವೊಂದನ್ನೇ ನಂಬಿದರೆ ಅಣ್ಣತಮ್ಮಂದಿರು ಅದಲುಬದಲಾಗುತ್ತಾರೆ. ಮೆಹ್ಮದ್‌ನ ಮೊದಲ ವರ್ಷಗಳ ನಾಣ್ಯಗಳಲ್ಲಿ ಆ ಜಾಗದಲ್ಲಿ ಅವನ ಇನ್ನೊಂದು ಹೆಸರಾದ “ರಶಾದ್” ಇತ್ತು. ಆಳ್ವಿಕೆಯ ಏಳನೆಯ ವರ್ಷದಿಂದ, ಅಂದರೆ ಮಹಾಯುದ್ಧ ನಡೆಯುತ್ತಿದ್ದ 1915ರಿಂದ, ಅಲ್ಲಿ “ಗಾಜಿ” ಬಂತು. ನಮ್ಮ ನಕ್ಷತ್ರದಲ್ಲಿ ಮೆಹ್ಮದ್‌ನ ಪೀಠ, ಗಾಜಿ ಬಿರುದು, 1333 ಮೂರೂ ಒಟ್ಟಿಗಿವೆ. ಬೇರೆ ಬೇರೆ ದಾರಿಯಿಂದ ಹೊರಟ ಮೂರು ಸುಳಿವುಗಳು ಒಂದೇ ವರ್ಷದಲ್ಲಿ ಬಂದು ನಿಂತವು.

ಆಕಾರ ಪದಕವನ್ನು ಹೇಳಿತು

ದೊರೆ ಸಿಕ್ಕ ಮೇಲೆ ಪದಕದ ಹೆಸರು ಹುಡುಕುವುದು ಕಷ್ಟವಾಗಲಿಲ್ಲ. ಒಟ್ಟೋಮನ್ ಸಾಮ್ರಾಜ್ಯ 1914ರ ಕೊನೆಯಲ್ಲಿ ಜರ್ಮನಿಯ ಪಕ್ಷದಲ್ಲಿ ಯುದ್ಧಕ್ಕಿಳಿಯಿತು. 1915ರ ಮಾರ್ಚ್ 1ರಂದು ಐದನೆಯ ಮೆಹ್ಮದ್ ಹೊಸದೊಂದು ಶೌರ್ಯ ಪದಕವನ್ನು ಸ್ಥಾಪಿಸಿದ. ತುರ್ಕಿಯಲ್ಲಿ ಅದು ಹರ್ಪ್ ಮದಾಲ್ಯಸಿ, ಅಂದರೆ ಸಮರ ಪದಕ. ಜೊತೆಗೆ ಹೋರಾಡಿದ ಜರ್ಮನರು ತಮ್ಮ ಕಬ್ಬಿಣದ ಶಿಲುಬೆಯ ನೆನಪಿನಿಂದ ಅದನ್ನು ಕಬ್ಬಿಣದ ಚಂದ್ರ ಎಂದರು. ಎದುರಿಗಿದ್ದ ಬ್ರಿಟಿಷರು ಗಲಿಪೊಲಿ ಸ್ಟಾರ್ ಎಂದರು. ಕೆಂಪು ಮೈ, ಬೆಳ್ಳಿ ಅಂಚು, ಚಂದ್ರ, ತುಘ್ರಾ, 1333. ಎಲ್ಲವೂ ನಮ್ಮ ಬಿಸ್ಕತ್ ಡಬ್ಬಿಯ ನಕ್ಷತ್ರವೇ.

ಒಂದು ಎಚ್ಚರಿಕೆ ಆಗಲೇ ಬಂತು. ಒಟ್ಟೋಮನ್ ಕಚೇರಿಗಳಲ್ಲಿ ಹಿಜರಿಯ ಜೊತೆಗೆ ರೂಮಿ ಎಂಬ ಇನ್ನೊಂದು ಶಕೆಯೂ ನಡೆಯುತ್ತಿತ್ತು. ರೂಮಿ ಲೆಕ್ಕದಲ್ಲಿ 1333 ಎಂದರೆ 1917. ಇಲ್ಲಿ ಹಿಜರಿಯೇ ಎಂದು ಹೇಳಲು ಆಧಾರ ಪದಕದ ಸ್ಥಾಪನೆಯ ದಿನ. ಇನ್ನೂ ಮುಖ್ಯವಾದದ್ದು, ಆ ವರ್ಷ ಪದಕ ಹುಟ್ಟಿದ ವರ್ಷವೇ ಹೊರತು ಸೈನಿಕನ ಕೈಸೇರಿದ ವರ್ಷವಲ್ಲ. 1918ರಲ್ಲಿ ಪಡೆದವನ ನಕ್ಷತ್ರದ ಮೇಲೂ 1333 ಎಂದೇ ಇರುತ್ತದೆ.

ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೂ ಉಳಿದಿತ್ತು. ಈ ನಕ್ಷತ್ರಕ್ಕೆ ಸಂಗ್ರಾಹಕರ ಲೋಕದಲ್ಲಿ ಬೇಡಿಕೆಯಿದೆ, ಹಾಗಾಗಿ ನಕಲುಗಳೂ ಧಾರಾಳ. ನಕಲು ಸಾಮಾನ್ಯವಾಗಿ ಎರಕ ಹೊಯ್ದದ್ದು. ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ, ಗೆರೆಗಳ ಅಂಚು ಸೋಪಿನಂತೆ ಮೊಂಡಾಗಿರುತ್ತದೆ, ತುಘ್ರಾದ ಪೀಠದಲ್ಲಿ ಅಕ್ಷರಗಳು ಅಕ್ಷರಗಳಾಗಿ ಉಳಿಯದೆ ಬರೀ ಉಬ್ಬುತಗ್ಗಾಗುತ್ತವೆ. ನಮ್ಮದು ತಗಡನ್ನು ಅಚ್ಚಿಗೆ ಒತ್ತಿ ಮಾಡಿದ್ದು. ಮುಂದೆ ಉಬ್ಬಿದಷ್ಟೇ ಹಿಂದೆ ತಗ್ಗಿರುವುದು ಅದರ ಗುರುತು. ಜರ್ಮನ್ ಅಧಿಕಾರಿಗಳು ಸ್ವಂತ ಹಣದಿಂದ ಮಾಡಿಸಿಕೊಂಡ ಚಂದದ ನಕ್ಷತ್ರಗಳಲ್ಲಿ ಗಾಜಿನಂಥ ಮೀನಾಕಾರಿಯ ಕೆಂಪು, ಕೆಲವೊಮ್ಮೆ ತಯಾರಕರ ಮುದ್ರೆ ಇರುತ್ತದೆ. ನಮ್ಮದರಲ್ಲಿ ಬರೀ ಬಣ್ಣದ ಲೇಪ, ಹಿತ್ತಾಳೆಯ ಮೈ, ಮುದ್ರೆ ಶೂನ್ಯ. ಇದು ಸಾಮಾನ್ಯ ಸೈನಿಕನಿಗೆ ಕೊಡುತ್ತಿದ್ದ ಬಗೆ. ಹುಣಸೆಹಣ್ಣಿನಿಂದ ಆದ ಗಾಯವೇ ಒಳಗಿನ ಲೋಹವನ್ನು ತೋರಿಸಿತು ನಿಜ. ಆದರೆ ಆ ತುದಿಯಲ್ಲಿ ಹೋದ ಲೇಪ ಇನ್ನು ಮರಳುವುದಿಲ್ಲ.

ಹೆಸರಿಲ್ಲದಿರುವುದೂ ಒಂದು ಸುಳಿವು

ಇಷ್ಟು ಬರೆದ ಅಧ್ಯಾಪಕರು ಕೊನೆಗೆ ನಾನು ಕೇಳದ ಪ್ರಶ್ನೆಯೊಂದನ್ನು ಎತ್ತಿದರು. “ಮನೆಯಲ್ಲಿ ಹೆಸರು ಕೆತ್ತಿದ ಗುಂಡನೆಯ ಪದಕ ಏನಾದರೂ ಇದೆಯೇ ಕೇಳಿ ನೋಡಿ. ಅಂಚನ್ನು ನೋಡಲು ಹೇಳಿ.”

ಕಾರಣವನ್ನೂ ಬರೆದಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆ ಹೋರಾಡಿದ ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಮೇಲೆ ಪಡೆದವನ ಹೆಸರು, ದರ್ಜೆ, ದಳವನ್ನು ಒತ್ತುತ್ತಿದ್ದರು. ಗುಂಡಗಿನ ಪದಕಗಳಿಗೆ ಅಂಚಿನಲ್ಲಿ, 1914-15ರ ಸ್ಟಾರ್‌ಗೆ ಬೆನ್ನಿನಲ್ಲಿ. ಬ್ರಿಟಿಷರ ಪಕ್ಷದಲ್ಲಿ ಸಿಕ್ಕ ಹೆಸರಿಲ್ಲದ ಐದು ಮೂಲೆಯ ನಕ್ಷತ್ರವೆಂದರೆ ನೆನಪಾಗುವುದು 1882ರ ಈಜಿಪ್ಟ್ ದಂಡಯಾತ್ರೆಯ ಖೆದಿವ್ ಸ್ಟಾರ್. ಆ ದಂಡಯಾತ್ರೆಗೆ ಭಾರತದಿಂದಲೂ ಪಡೆ ಹೋಗಿತ್ತು. ಅದರ ಮೇಲೂ ಅರಬ್ಬಿ ಬರಹವಿದೆ, ತೂಗುಪಟ್ಟಿಯಲ್ಲಿ ಚಂದ್ರ-ನಕ್ಷತ್ರವಿದೆ. ಆದರೆ ಅದು ಕಂಚಿನದು, ನಡುವೆ ಪಿರಮಿಡ್ ಮತ್ತು ಸ್ಫಿಂಕ್ಸ್‌ನ ಚಿತ್ರವಿದೆ, ಕೆಂಪು ಲೇಪವಿಲ್ಲ. ಅವೆರಡನ್ನು ಬೆರೆಸಿಕೊಳ್ಳುವವರಿದ್ದಾರೆ. ಮೈಸೂರು ಮಹಾರಾಜರ ಕೊಡುಗೆಯಾಗಿದ್ದರೆ ಅರಮನೆಯ ಗಂಡಭೇರುಂಡವೋ ಕನ್ನಡ ಅಕ್ಷರವೋ ಎಲ್ಲಾದರೂ ಕಾಣಬೇಕಿತ್ತು. ಒಬ್ಬ ದೊರೆ ಇನ್ನೊಬ್ಬ ದೊರೆಯ ರುಜು ಹಾಕಿ ಪದಕ ಕೊಡುವುದಿಲ್ಲ, ಶತ್ರುವಿನ ರುಜುವನ್ನಂತೂ ಇಲ್ಲವೇ ಇಲ್ಲ.

ಮನೆಯವರಿಗೆ ಫೋನ್ ಮಾಡಿದೆ. “ಒಂದು ಬೆಳ್ಳಿ ನಾಣ್ಯ ಇದೆಯಮ್ಮ, ತಿಜೋರಿಯಲ್ಲಿ. ಅದು ಪದಕ ಅಲ್ಲ, ದುಡ್ಡು” ಎಂದರು. ತಂದು ತೋರಿಸಿದರು. ಒಂದು ಕಡೆ ಐದನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಕುದುರೆಯ ಮೇಲಿನ ಪುರುಷ, 1914 ಮತ್ತು 1918. ಬ್ರಿಟಿಷ್ ವಾರ್ ಮೆಡಲ್. ತೂಗುಪಟ್ಟಿ ಮುರಿದುಹೋಗಿದ್ದರಿಂದ ನಾಣ್ಯದಂತೆ ಕಾಣುತ್ತಿತ್ತು. ಅಂಚನ್ನು ದೀಪದ ಕೆಳಗೆ ನಿಧಾನವಾಗಿ ಉರುಳಿಸಿದೆವು. ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ಅವರ ತಾತನ ಹೆಸರು, ಮುಂದೆ ಮೈಸೂರು ಲಾನ್ಸರ್ಸ್. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ತಾತನ ಹೆಸರನ್ನು ಲೋಹದ ಮೇಲೆ ಅವರು ಓದಿದ್ದು ಅದೇ ಮೊದಲು.

ಅಲ್ಲಿಂದ ಕಥೆ ಇತಿಹಾಸದ ಜೊತೆ ಕೂಡಿಕೊಂಡಿತು. ಮೈಸೂರು ಲಾನ್ಸರ್ಸ್ ಜೋಧಪುರ, ಹೈದರಾಬಾದ್ ದಳಗಳ ಜೊತೆ ಇಂಪೀರಿಯಲ್ ಸರ್ವೀಸ್ ಕುದುರೆ ಬ್ರಿಗೇಡಿನಲ್ಲಿತ್ತು. ಸೂಯೆಜ್ ಕಾಲುವೆಯ ಕಾವಲಿನಿಂದ ಪ್ಯಾಲೆಸ್ಟೀನ್‌ವರೆಗೆ ಅವರು ಎದುರಿಸಿದ್ದು ಇದೇ ಒಟ್ಟೋಮನ್ ಸೇನೆಯನ್ನು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರು ಊರಿನ ಕಡೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳ ಬಾಯಿ ಮುಚ್ಚಿಸಲು ಹತ್ತಿದರು. ಆ ದಿನ ಸೆರೆ ಸಿಕ್ಕವರು ಸಾವಿರದ ಮುನ್ನೂರಕ್ಕೂ ಹೆಚ್ಚು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ವಿಗ್ರಹಗಳು ಈ ಮೂರು ದಳಗಳವೇ. ಬೆಂಗಳೂರಿನಲ್ಲೂ ಮೈಸೂರು ಲಾನ್ಸರ್ಸ್ ಸ್ಮಾರಕವಿದೆ.

ಪದಕ ಹೇಳದಿರುವುದು

ಇಷ್ಟಾದ ಮೇಲೆ ಮನಸ್ಸು ತಾನಾಗಿ ಒಂದು ಚಿತ್ರ ಬರೆಯುತ್ತದೆ: ಹೈಫಾದ ಬೆಟ್ಟ, ಸೋತ ಒಟ್ಟೋಮನ್ ಸೈನಿಕ, ಅವನ ಎದೆಯ ನಕ್ಷತ್ರ, ನಮ್ಮ ಸವಾರನ ಕೈ. ಹಿರಿಯರ ತಮ್ಮ, ಟಿಪ್ಪುವನ್ನು ಬಿಟ್ಟುಕೊಟ್ಟ ಕೂಡಲೇ ಈ ಚಿತ್ರವನ್ನು ಹಿಡಿದುಕೊಂಡರು. “ಹಾಗಂತಲೇ ಬರೆಯಿರಿ” ಎಂದರು. ನನಗೂ ಹಾಗೆ ಬರೆಯುವ ಆಸೆಯಿತ್ತು.

ಆದರೆ ಲಿಪಿ ಮತ್ತು ಲಾಂಛನ ಉತ್ತರಿಸುವುದು ಪದಕ ಯಾರದು, ಯಾವ ಕಾಲದ್ದು ಎಂಬ ಪ್ರಶ್ನೆಗೆ ಮಾತ್ರ. ಇಲ್ಲಿಗೆ ಹೇಗೆ ಬಂತು ಎಂಬುದು ಬೇರೆಯೇ ಪ್ರಶ್ನೆ. ಸೆರೆಯಾಳಿನಿಂದ ಕಿತ್ತುಕೊಂಡಿರಬಹುದು. ಒಂದು ಸಿಗರೇಟಿಗೆ, ಒಂದು ರೊಟ್ಟಿಗೆ ಅವನೇ ಕೊಟ್ಟಿರಬಹುದು. ಯುದ್ಧ ಮುಗಿದ ಮೇಲೆ ಕೈರೋದ ಅಂಗಡಿಯಲ್ಲಿ ಕೊಂಡಿರಬಹುದು. ಈ ನಾಲ್ಕು ಅಂಕಿಗಳೂ ಆ ತುಘ್ರಾವೂ ಎಲ್ಲ ಸಂದರ್ಭಗಳಲ್ಲೂ ಒಂದೇ ಆಗಿರುತ್ತಿದ್ದವು. ಹೆಸರಿರುವ ಬೆಳ್ಳಿ ಪದಕವು ತಾತ ಯುದ್ಧಕ್ಕೆ ಹೋಗಿದ್ದರೆಂದು ಸಾಬೀತು ಮಾಡುತ್ತದೆ, ನಕ್ಷತ್ರವನ್ನು ತಂದವರು ಅವರೇ ಎಂದು ಸಾಬೀತು ಮಾಡುವುದಿಲ್ಲ. ಎರಡೂ ಒಂದೇ ಮನೆಯಲ್ಲಿ ಉಳಿದವು ಎಂಬಷ್ಟೇ ನಮಗೆ ಕಂಡದ್ದು.

ಅಜ್ಜಿಯ ಮಾತನ್ನು ಅಳಿಸಿಹಾಕಬೇಕೆ? ಇದನ್ನೂ ಅಧ್ಯಾಪಕರಿಗೆ ಕೇಳಿದ್ದೆ. “ಬೇಡ, ಅಜ್ಜಿ ಹೇಳಿದರು ಎಂದೇ ಬರೆಯಿರಿ. ತಾತನಿಗೆ ಮಹಾರಾಜರಿಂದ ಬೇರೆ ಏನೋ ಸಿಕ್ಕಿದ್ದು, ನೆನಪು ಈ ನಕ್ಷತ್ರಕ್ಕೆ ಬಂದು ಅಂಟಿಕೊಂಡಿರಬಹುದು. ಆ ಬೇರೆಯದು ನಾಳೆ ಸಿಕ್ಕರೆ ನಿಮ್ಮ ಚೀಟಿಯೇ ದಾರಿ ತೋರಿಸುತ್ತದೆ” ಎಂದು ಉತ್ತರ ಬಂತು.

ಈಗ ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ನಕ್ಷತ್ರ ಮತ್ತು ಬೆಳ್ಳಿ ಪದಕ ಅಕ್ಕಪಕ್ಕ ಕೂತಿವೆ. ಕೆಳಗಿನ ಚೀಟಿಯಲ್ಲಿ ಹೀಗಿದೆ: “ಒಟ್ಟೋಮನ್ ಸಮರ ಪದಕ. ಸುಲ್ತಾನ್ ಐದನೆಯ ಮೆಹ್ಮದ್‌ನ ತುಘ್ರಾ, ಹಿಜರಿ 1333 (ಸ್ಥಾಪನೆ 1915). ಹಿತ್ತಾಳೆ, ಕೆಂಪು ಲೇಪ. ಪಡೆದವರು ತಿಳಿದಿಲ್ಲ. ಮೈಸೂರು ಲಾನ್ಸರ್ಸ್ ಸವಾರರೊಬ್ಬರ ಮನೆಯಲ್ಲಿ ಉಳಿದಿತ್ತು. ಮಹಾರಾಜರ ಕೊಡುಗೆಯೆಂದು ಮನೆಯ ಹೇಳಿಕೆ. ಇಲ್ಲಿಗೆ ಬಂದ ಬಗೆಗೆ ದಾಖಲೆ ಸಿಕ್ಕಿಲ್ಲ.”

ನಿಮ್ಮ ಮನೆಯ ಡಬ್ಬಿಯಲ್ಲೂ ಇಂಥದೊಂದು ಇದ್ದರೆ ಹುಣಸೆಹಣ್ಣು, ನಿಂಬೆಹಣ್ಣು, ಹಲ್ಲುಪುಡಿ ಯಾವುದನ್ನೂ ಮುಟ್ಟಿಸಬೇಡಿ. ಅಂಚನ್ನೊಮ್ಮೆ ದೀಪದ ಕೆಳಗೆ ಉರುಳಿಸಿ ನೋಡಿ. ಆಮೇಲೆ ಒಂದು ಚೀಟಿಯಲ್ಲಿ, ಅದನ್ನು ನಿಮಗೆ ಯಾರು ಕೊಟ್ಟರು, ಏನು ಹೇಳಿ ಕೊಟ್ಟರು ಎಂಬುದನ್ನು ಅವರ ಹೆಸರಿನ ಸಮೇತ ಬರೆದು ಅದೇ ಡಬ್ಬಿಯಲ್ಲಿಡಿ. ಲಿಪಿಯನ್ನು ಮುಂದೆ ಯಾರಾದರೂ ಓದಿಯಾರು. ಆ ಚೀಟಿಯನ್ನು ಬರೆಯಬಲ್ಲವರು ನೀವು ಮಾತ್ರ.